ಎರಡೂ ಕಡೆ ಒಂದೇ ಕತ್ತರಿ

ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಹಾಗೇ ಉಳಿದಿದೆ, ಎಷ್ಟು ಉಜ್ಜಿದರೂ ಹೋಗದು, ಯಾರದೋ ವಸಡು ನನ್ನ ಬೆರಳಿಗೆ ಅಂಟಿಕೊಂಡು ಬಂದ ಹಾಗೆ — ಹನ್ನೆರಡೂವರೆಗೆ ಊಟದ ಬಿಡುವು, ಒಂದೂಕಾಲಿಗೆ ಮತ್ತೆ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟುಗಳ ಮುಂದೆ ಕೂತಿರಬೇಕು, ಇಲ್ಲಿ ನೋಡಿದರೆ ನನ್ನ ಮುಂದೆ ಇನ್ನೂ ಮೂವರು ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಊರಿಗೆ ಹೋಗುವ ದುಡ್ಡು, ಎಲ್ಲರ ಮುಖದಲ್ಲೂ ಅದೇ ಅವಸರ. ಹಣ ಕಳಿಸುವ ಈ ಅಂಗಡಿಗೆ ಬರುವುದು ನನ್ನ ಕೆಲಸವಲ್ಲ, ಅವನದು. ಸಂಬಳವಾದ ಮರುದಿನ ನನ್ನ ಗಂಡ ಲಿಫ್ಟು ರಿಪೇರಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದು ಕಳಿಸಿಬಿಡುತ್ತಾನೆ, ಅವನ ಅಪ್ಪನಿಗೊಂದು, ನನ್ನ ಅಪ್ಪನಿಗೊಂದು, ರಸೀದಿ ಎರಡನ್ನೂ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾನೆ. ಇವತ್ತು ಬೆಳಿಗ್ಗೆ ಯಾವುದೋ ಆಸ್ಪತ್ರೆಯ ಲಿಫ್ಟು ನಡುವೆ ನಿಂತಿತಂತೆ, ನೀನೇ ಹೋಗಿ ಬಾರೇ, ಅಂಗಡಿಯ ಕಾರ್ಡು ಡ್ರಾಯರ್‌ನಲ್ಲಿದೆ ಅಂತ ಫೋನ್ ಮಾಡಿದ. ಆ ಗಾಬರಿಯಲ್ಲಿ ಅವನಿಗೆ ಬೇರೇನೂ ನೆನಪಾಗಿರಲಿಕ್ಕಿಲ್ಲ. ಲಕೋಟೆಯಲ್ಲಿ ನಾನೂರು, ಇನ್ನೂರು ಆ ಕಡೆಗೆ, ಅವನ ಮನೆಗೆ, ಇನ್ನೂರು ಈ ಕಡೆಗೆ, ನನ್ನ ಮನೆಗೆ. ಕಮಿಷನ್ನು ಇನ್ನೂರಕ್ಕೂ ಆರು, ಸಾವಿರಕ್ಕೂ ಆರು. ಅದನ್ನು ಉಳಿಸಲಿಕ್ಕೆ ಒಮ್ಮೆ ಅವನು, ಎರಡನ್ನೂ ಸೇರಿಸಿ ನಮ್ಮಪ್ಪನ ಖಾತೆಗೇ ಹಾಕೋಣ, ಅವರು ನಿಮ್ಮಪ್ಪನಿಗೆ ದಾಟಿಸ್ತಾರೆ ಅಂದಿದ್ದ, ನಮ್ಮಪ್ಪ ತಿಂಗಳು ತಿಂಗಳು ನಿಮ್ಮಪ್ಪನ ಮುಂದೆ ಕೈಯೊಡ್ಡಬೇಕಾ ಅಂದಿದ್ದೆ, ಅವನು ನಕ್ಕು, ಆರು ರೂಪಾಯಿಗೆ ನಿನ್ನ ಮಾನ ಹೋಗೋದು ಬೇಡ ಮಾರಾಯ್ತಿ ಅಂದಿದ್ದ. ಇಲ್ಲಿನ ದುಡ್ಡನ್ನೂ ಅವನು ರೂಪಾಯಿ ಅಂತಲೇ ಕರೆಯುವುದು, ಎಂಟು ವರ್ಷವಾದರೂ.

ಎಂಟು ವರ್ಷದ ಹಿಂದೆ ಕುರ್ಚಿಯೂ ಇಲ್ಲದ ಮನೆಯಲ್ಲಿ ಸೂಟ್‌ಕೇಸಿನ ಮೇಲೆ ಕೂತು ಆದ ಮಾತು ಅದು. ಯಾರು ಎಷ್ಟು ದುಡಿದರೂ ಎರಡೂ ಮನೆಗೆ ಒಂದೇ ಸಮ. ಅವನ ಸಂಬಳ ನನ್ನದರ ಒಂದೂವರೆಯಷ್ಟು, ಆದರೂ ಒಪ್ಪಿದ, ಮಗಳನ್ನು ಹೆತ್ತವರು ಹೊಟ್ಟೆಗೆ ಕಲ್ಲು ಹಾಕ್ಕೊಳ್ತಾರಾ ಅಂತ ಅವನೇ ಅಂದ. ಅದನ್ನು ಲ್ಯಾಬಿನಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ ನಾನು, ಪಕ್ಕದ ಮೇಜಿನ ಕನ್ನಡಕದವಳು, ನಿನ್ನ ಗಂಡ ಚಿನ್ನ ಕಣೇ ಅಂದಾಗ ಮೇಣದ ಚಾಕು ಹಿಡಿದುಕೊಂಡೇ ಉಬ್ಬಿಹೋಗಿದ್ದೆ. ಆಮೇಲೆ ಏಳು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಅಂಗಡಿ ಬೋರ್ಡು ಬರೆಯುತ್ತಿದ್ದವರು, ಬಲಗಡೆಯೇ ಬಿತ್ತು. ಕಾಲು ಬೇಗ ಬಂತು, ಕೈ ಬರಲಿಲ್ಲ, ಫಿಸಿಯೋದವಳು ವಾರಕ್ಕೆ ಮೂರು ದಿನ ಮನೆಗೇ ಬರುತ್ತಿದ್ದಳು, ನಾವು ಕಳಿಸುವ ಮುನ್ನೂರರಲ್ಲಿ ಹತ್ತಿರ ಹತ್ತಿರ ನೂರು ಅವಳಿಗೇ ಹೋಗುತ್ತಿತ್ತು. ಎರಡು ತಿಂಗಳು ಕಳೆದಿರಬೇಕು, ಒಂದು ಸಂಜೆ ಇವನು ಬ್ಯಾಂಕಿನ ಕಾಗದ ಹಿಡಿದು ಅಡಿಗೆಮನೆಗೆ ಬಂದ, ಮನೆ ಕೊಳ್ಳಲು ಸಾಲ ಬೇಕಿದ್ದರೆ ಹತ್ತರಲ್ಲಿ ಒಂದು ಪಾಲು ನಮ್ಮ ಕೈಯಿಂದ ಹಾಕಬೇಕು, ತಿಂಗಳು ತಿಂಗಳು ತಪ್ಪದೆ ಉಳಿಸಿದ್ದನ್ನು ತೋರಿಸಬೇಕು. ಬಸ್ ಪಾಸು, ಫೋನಿನ ಬಿಲ್ಲು, ನನ್ನ ಹೊಸ ಕೋಟು, ಎಲ್ಲ ಕಡಿದ ಮೇಲೂ ಇನ್ನೂರು ಕಡಿಮೆ ಬೀಳುತ್ತಿತ್ತು. ಊರಿಗೆ ಹೋಗೋದರಲ್ಲಿ ನೂರು ನೂರು ಇಳಿಸೋಣ, ಹತ್ತೇ ತಿಂಗಳು, ಆಮೇಲೆ ಮೊದಲಿನ ಹಾಗೆ ಅಂದ. ಅಪ್ಪನಿಗೆ ಈಗಷ್ಟೇ, ಅಂದೆ ನಾನು. ಮಾವ ನಡೀತಿದ್ದಾರಲ್ಲ ಈಗ, ಅಂದ. ನಾನು ಪಾತ್ರೆ ಒರೆಸುತ್ತಲೇ ಇದ್ದೆ. ನಿನ್ನ ಕಡೆಗೆ ಮಾತ್ರ ಅಂತ ನಾನು ಹೇಳ್ತಿಲ್ಲ, ಎರಡೂ ಕಡೆ ಒಂದೇ ಕತ್ತರಿ, ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ವಿ ಅಂತ ನೀನು ನಿಮ್ಮನೇಲಿ ಹೇಳು, ನಾನು ನಮ್ಮನೇಲಿ ಹೇಳ್ತೀನಿ, ಒಬ್ಬರ ಮೇಲೊಬ್ಬರು ಹಾಕೋದು ಬೇಡ. ಆ ಕೊನೆಯ ಮಾತಿಗೆ ಸೋತೆ ನಾನು. ಮರುದಿನವೇ ಅಪ್ಪನಿಗೆ ಫೋನ್ ಮಾಡಿ ಗಿಳಿಪಾಠದ ಹಾಗೆ ಒಪ್ಪಿಸಿದೆ, ನಾವಿಬ್ಬರೂ ಸೇರಿ. ಅಪ್ಪನ ಬಾಯಿ ಆಗಿನ್ನೂ ಸ್ವಲ್ಪ ಸೊಟ್ಟ, ಮಾತು ತೊದಲು, ಆಯ್ತು ಮಗಾ, ಮನೆ ಮುಖ್ಯ, ವ್ಯಾಯಾಮ ಎಲ್ಲ ನಂಗೆ ಬಾಯಿಪಾಠ ಆಗಿದೆ, ಆ ಹುಡುಗಿ ಬಂದು ಮಾಡೋದಾದ್ರೂ ಏನು ಅಂದರು. ವಾರಕ್ಕೊಮ್ಮೆಯಾಯಿತು. ಆಮೇಲೆ ಅದೂ ನಿಂತಿತು ಅಂತ ಅಮ್ಮ ಬೇರೆ ಯಾವುದೋ ಮಾತಿನ ನಡುವೆ ಹೇಳಿದಳು, ನಾನು ಹೂಂ ಅಂದೆ, ಬರೀ ಹೂಂ.

ಮುಂದೆ ಬನ್ನಿ ಅನ್ನುತ್ತಾಳೆ ಕೌಂಟರಿನವಳು. ಕಾರ್ಡು, ಗುರುತಿನ ಚೀಟಿ, ಲಕೋಟೆ, ಗಾಜಿನ ಕೆಳಗಿನ ಸಂದಿಯಲ್ಲಿ ತಳ್ಳುತ್ತೇನೆ, ಇವತ್ತಿನ ದರ ಚೆನ್ನಾಗಿದೆ ಅನ್ನುತ್ತಾಳೆ. ಎರಡನೆಯದಕ್ಕೆ ಕಮಿಷನ್ ಹಿಡೀಬೇಡಿ ಅಂತ ನಾನು ಜಾಣೆಯ ಹಾಗೆ ಹೇಳುತ್ತೇನೆ, ಹತ್ತನೆಯದಕ್ಕೆ ಕಮಿಷನ್ ಇಲ್ಲ ಅಂತ ಕಾರ್ಡಿನ ಮೇಲೆಯೇ ಬರೆದಿದೆ, ನೂರು ಇಳಿಸಿದ ತಿಂಗಳೇ ಈ ಹೊಸ ಕಾರ್ಡು ಮಾಡಿಸಿದ್ದು, ನಾಲ್ಕು ತಿಂಗಳಿಗೆ ಎಂಟಾಯಿತು, ಇವತ್ತಿನವು ಒಂಬತ್ತು ಮತ್ತು ಹತ್ತು. ಅವಳು ಪರದೆ ನೋಡುತ್ತಾಳೆ. ಹತ್ತನೆಯದು ಹೋದ ತಿಂಗಳೇ ಆಗೋಯ್ತಲ್ಲ ಮೇಡಂ, ಇವು ಹದಿಮೂರು, ಹದಿನಾಲ್ಕು. ಇಲ್ಲವಲ್ಲ, ಅಂದೆ. ಇಬ್ಬರ ಹೆಸರೂ ಇರುವ ಕಾರ್ಡು ತಾನೇ, ಬೇಕಾದ್ರೆ ಪಟ್ಟಿ ತೆಗೆದುಕೊಡ್ತೀನಿ ಅಂದಳು, ಪಾಪ, ಅವಳಿಗೇನು ಗೊತ್ತು, ಹಿಂದಿನವನು ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಯಂತ್ರ ಕಿರ್ ಅಂತ ಕಾಗದ ಉಗುಳಿತು — ಇಪ್ಪತ್ತೊಂಬತ್ತನೇ ತಾರೀಖಿಗೆ ಎರಡು, ಅದು ನಮ್ಮದು, ಹನ್ನೆರಡಕ್ಕೆ ಒಂದು, ನೂರು. ಮತ್ತೆ ಇಪ್ಪತ್ತೊಂಬತ್ತಕ್ಕೆ ಎರಡು, ಹನ್ನೆರಡಕ್ಕೆ ಒಂದು, ನೂರು. ನಾಲ್ಕು ಹನ್ನೆರಡು, ನಾಲ್ಕು ನೂರು. ಹಣ ಪಡೆಯುವವರು ಅನ್ನುವಲ್ಲಿ ಮಾವನ ಹೆಸರಲ್ಲ, ಅತ್ತೆಯ ಹೆಸರು. ಉದ್ದೇಶ ಅನ್ನುವಲ್ಲಿ ಕುಟುಂಬದ ಖರ್ಚು. ಹನ್ನೆರಡಕ್ಕೆ ಅವನ ಓವರ್‌ಟೈಮ್ ಬರುತ್ತದೆ, ಈಚೆಗೆ ಓವರ್‌ಟೈಮೇ ಕೊಡ್ತಿಲ್ಲ ಕಣೇ ಕಂಪನಿಯವರು ಅನ್ನುತ್ತಿದ್ದ, ನಾನು ಕಂಪನಿಗೆ ಬೈದು ಅವನಿಗೆ ಒಂದು ಲೋಟ ಹಾಲು ಜಾಸ್ತಿ ಕೊಟ್ಟಿದ್ದೆ. ಕಳಿಸ್ಲಾ ಮೇಡಂ ಅನ್ನುತ್ತಾಳೆ ಅವಳು. ಕಳಿಸಿ. ಆ ಕಡೆಗೆ ಇನ್ನೂರು, ಮಾತಾದಂತೆ. ಈ ಕಡೆಗೆ, ನಮ್ಮಪ್ಪನಿಗೆ, ಮುನ್ನೂರು, ಮಿಕ್ಕ ನೂರು ನನ್ನ ಬ್ಯಾಂಕ್ ಕಾರ್ಡಿನಿಂದ ತಗೊಳ್ಳಿ. ಪಿನ್ ಸರಿಯಾಗಿಯೇ ಒತ್ತಿದೆ.

ಬೀದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಔಷಧಿ ಅಂಗಡಿಯ ನೆರಳಲ್ಲಿ ನಿಂತು ಅತ್ತೆಗೆ ಫೋನ್ ಮಾಡಿದೆ, ಯಾಕೆ ಮಾಡಿದೆನೋ, ಬಹುಶಃ ಆ ಪಟ್ಟಿ ಸುಳ್ಳು ಅನ್ನಲಿ ಅಂತ. ಅತ್ತೆ, ಈ ತಿಂಗಳದ್ದು ಬರುತ್ತೆ, ಇನ್ನೂರು, ಹನ್ನೆರಡನೇ ತಾರೀಖಿನ ನೂರು ಬಂತಲ್ಲ ಅಂದೆ. ಆ ಕಡೆ ಕುಕ್ಕರ್ ಕೂಗಿತು, ಅತ್ತೆ ಒಲೆ ಆರಿಸಿ ಬಂದರು. ಗೊತ್ತಾಯ್ತೇನಮ್ಮ ನಿಂಗೆ, ಅಂದರು, ಅವನಿಗೆ ಬೈಬೇಡ, ನನ್ನ ಚೀಟಿ ನಡುವೆ ಬಿಟ್ರೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತೆ ಅಂತ ನಾನೇ ಅವನ ಹತ್ರ ಅತ್ಕೊಂಡೆ, ನೀನು ಕಡಿಮೆ ಮಾಡು ಅಂತ ಹಠ ಹಿಡಿದಿದ್ದೀಯಂತೆ, ಮನೇಲಿ ನೆಮ್ಮದಿ ಇಲ್ವಂತೆ, ನಿಂಗೆ ತಿಳೀದ ಹಾಗೆ ಕಳಿಸ್ತೀನಿ ಅಂದ ಪಾಪ, ನಿಂಗೂ ನಿನ್ನ ಕಷ್ಟ ಇರುತ್ತೆ ತಾಯಿ, ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ. ಇಟ್ಟುಕೊಂಡಿಲ್ಲ ಅನ್ನುವ ದನಿಯಲ್ಲಿ ಎಲ್ಲವೂ ಇತ್ತು. ಹಾಗಾದರೆ ನಾಲ್ಕು ತಿಂಗಳಿಂದ ಆ ಮನೆಯಲ್ಲಿ ನನ್ನ ಹೆಸರಿನ ಹೆಂಗಸೊಬ್ಬಳು ಓಡಾಡುತ್ತಿದ್ದಾಳೆ, ಹಠಮಾರಿ, ಜಿಪುಣಿ, ನಾದಿನಿ ಫೋನ್ ಎತ್ತುವುದನ್ನು ಬಿಟ್ಟದ್ದು, ಮಾವ ಹೇಗಿದ್ದೀಯ ಅನ್ನುವುದನ್ನು ನಿಲ್ಲಿಸಿದ್ದು, ಎಲ್ಲ ಅವಳಿಂದಾಗಿ, ನಾನು ಮಾತ್ರ ವಯಸ್ಸಾಯಿತಲ್ಲ ಮರೆವು ಅಂದುಕೊಂಡಿದ್ದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗ ಹೇಳಿದ್ದನ್ನು ನಂಬಿದರು. ನಾನೂ ಅವನು ಹೇಳಿದ್ದನ್ನೇ ನಂಬಿದ್ದು.

ಒಂದೂಕಾಲಿಗೆ ಮೇಜಿನ ಮುಂದೆ ಕೂತಿದ್ದೇನೆ, ನೋಡಿ, ಎಂಥ ನಿಯತ್ತು. ಮೇಲ್ದವಡೆಯ ಸೆಟ್ಟು, ಮುಂದಿನ ಆರು ಹಲ್ಲು ಕೂರಿಸಿಯಾಗಿದೆ, ದವಡೆ ಹಲ್ಲು ಬಾಕಿ, ಸ್ಪಿರಿಟ್ ದೀಪ ಹಚ್ಚು, ಚಾಕು ಕಾಯಿಸು, ಮೇಣ ಕರಗಿಸು, ಹಲ್ಲು ಒತ್ತು. ಕನ್ನಡಕದವಳು ಊಟ ಮಾಡಿದ್ಯೇನೆ ಅಂದಳು, ಆಯ್ತು ಅಂದೆ. ಫೋನು ಮೇಜಿನ ಮೇಲೆ ಗುರ್ ಅನ್ನುತ್ತದೆ, ಅವನು, ಅತ್ತೆ ಅಷ್ಟರಲ್ಲೇ ಹೇಳಿರಬೇಕು, ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಮ್ಮ ಅತ್ತುಬಿಟ್ಲು ಕಣೇ, ಏನು ಮಾಡ್ಲಿ, ನನ್ನ ಓವರ್‌ಟೈಮಿಂದ ಕೊಟ್ಟೆ, ನಮ್ಮ ಉಳಿತಾಯಕ್ಕೆ ಕೈ ಹಾಕಿಲ್ಲ ಅಂದ. ನಮ್ಮಪ್ಪ ಅಳಲಿಲ್ಲ, ಅಂದೆ, ಅತ್ತಿದ್ರೆ ಕಳಿಸ್ತಿದ್ಯಾ. ಹಾಗಲ್ಲ, ಹಾಗಲ್ಲ ಅಂದ. ನಂಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ, ಎರಡೂ ಕಡೆ ಮುನ್ನೂರು ಮಾಡಿ ಮನೇನ ಒಂದು ವರ್ಷ ತಡವಾಗಿ ತಗೊಳ್ತಿದ್ವಿ. ಮನೆ ಮುಖ್ಯ ಅಂತ ನೀನೂ ಒಪ್ಪಿದ್ಯಲ್ಲ, ಅಂದ. ಒಪ್ಪಿದ್ದೆ. ಸರಿ, ದುಡ್ಡು ಹಾಳಾಗಲಿ, ನನ್ನ ಹೆಸರು ಯಾಕೆ ಹೇಳಿದೆ. ಅವನ ಕಡೆ ಯಾರೋ ಸುತ್ತಿಗೆಯಿಂದ ಕಬ್ಬಿಣ ಬಡಿಯುತ್ತಿದ್ದರು. ಏನೋ ಒಂದು ಹೇಳಬೇಕಿತ್ತಲ್ಲ, ಅಂದ. ಅಷ್ಟೇ. ಏನೋ ಒಂದು. ಸಂಜೆ ಮಾತಾಡೋಣ ಅಂದ, ನಾನು, ಮುಂದಿನ ತಿಂಗಳಿಂದ ನನ್ನ ಸಂಬಳದಿಂದ ನಮ್ಮಪ್ಪನಿಗೆ ನಾನೇ ಕಳಿಸ್ತೀನಿ, ನಿಮ್ಮಮ್ಮನಿಗೆ ನೀನು ಎಷ್ಟಾದ್ರೂ ಕಳಿಸು, ನಿನ್ನ ಹೆಸರಲ್ಲಿ, ಅಂತ ಹೇಳಿ ಇಟ್ಟೆ.

ಅಪ್ಪನಿಗೆ ಮಾತ್ರ ಈಗಲೇ ಹೇಳಬೇಕು ಅನಿಸಿತು, ಸಂಜೆಯವರೆಗೆ ತಡೆಯಲಾಗಲಿಲ್ಲ, ವಿಡಿಯೋದಲ್ಲೇ ಮಾಡಿದೆ, ಅಪ್ಪ, ಮುನ್ನೂರು ಹಾಕಿದ್ದೀನಿ, ನಾಳೆಯಿಂದಲೇ ಫಿಸಿಯೋದವಳನ್ನ ಕರೆಸಿ, ಮೂರು ದಿನವೂ ಬರಲಿ. ಅಪ್ಪ ನಕ್ಕರು, ಬಾಯಿ ಈಗ ನೆಟ್ಟಗಾಗಿದೆ. ಯಾಕೆ ಮಗಾ ಸುಮ್ನೆ, ಮೊನ್ನೆ ಡಾಕ್ಟ್ರೇ ಹೇಳಿದ್ರು, ಕೈಗೆ ಶಕ್ತಿ ಬರೋದಿದ್ರೆ ಮೊದಲ ಆರು ತಿಂಗಳಲ್ಲೇ ಹೆಚ್ಚು ಬರುತ್ತಂತೆ, ಇನ್ನು ಮೇಲೆ ಬಂದ್ರೆ ಸ್ವಲ್ಪ, ಕಾಲು ಬಂತಲ್ಲ, ಸಾಕು, ಬೋರ್ಡು ಬರೆಯೋ ವಯಸ್ಸೇನು ಇದು. ಹಿಂದಿನಿಂದ ಅಮ್ಮ, ಅವಳಿಗ್ಯಾಕೆ ಅದೆಲ್ಲ ಹೇಳ್ತೀರಿ ಅಂದಳು. ಹಾಗೇನಿಲ್ಲ, ದಿನಾ ಮಾಡ್ತೀನಿ ನಾನು, ನೋಡು ಬೇಕಾದ್ರೆ, ಅಂದರು ಅಪ್ಪ, ಫೋನನ್ನು ಅಮ್ಮನ ಕೈಗೆ ಕೊಟ್ಟು ಬಲಗೈಯನ್ನು ಮಡಿಲ ಮೇಲಿಟ್ಟುಕೊಂಡರು, ಮುಷ್ಟಿ, ಬಿಗಿದ ಮುಷ್ಟಿ, ಎಡಗೈಯಿಂದ ಹೆಬ್ಬೆರಳು ಬಿಡಿಸಿದರು, ತೋರುಬೆರಳು ಬಿಡಿಸಿದರು, ನಡುಬೆರಳು, ಉಂಗುರಬೆರಳು, ಕಿರುಬೆರಳು, ಮಕ್ಕಳಿಗೆ ಲೆಕ್ಕ ಕಲಿಸುವ ಹಾಗೆ ಒಂದೊಂದಾಗಿ, ಅಂಗೈ ಕಾಣಿಸಿತು, ನೋಡಿದ್ಯಾ ಅಂದರು, ಎಡಗೈ ತೆಗೆದರು — ಬೆರಳುಗಳು ಒಂದೊಂದಾಗಿ ಒಳಗೆ ಮಡಚಿಕೊಂಡವು. ಇರು, ಇನ್ನೊಂದ್ಸಲ ಅಂದರು. ಬಾಗಿಲಾಚೆ ಕನ್ನಡಕದವಳು ನನ್ನನ್ನು ಕರೆಯುತ್ತಿದ್ದಾಳೆ, ಹಲ್ಲಿನ ಡಾಕ್ಟರು ಸೆಟ್ಟು ಕೇಳುತ್ತಿದ್ದಾರಂತೆ, ಬಂದೆ, ಬಂದೆ ಅನ್ನುತ್ತೇನೆ, ಫೋನು ಯಾವಾಗಲೋ ಕಡಿದಿದೆ, ಕಪ್ಪು ಗಾಜು, ಬಂದೆ — ಕಣ್ಣೊಳಗೆ ಅಪ್ಪನ ಎಡಗೈ ಬಿಡಿಸುತ್ತದೆ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಎಡಗೈ ತೆಗೆದರೆ ಮಡಚಿಕೊಳ್ಳುತ್ತವೆ, ಬಿಡಿಸುತ್ತದೆ, ಮಡಚಿಕೊಳ್ಳುತ್ತವೆ, ಮಡಚಿಕೊಳ್ಳುತ್ತವೆ