ಮಗಳ ಪ್ರೊಫೈಲಿಗೆ ಬೀಗ

ಟಿವಿಯ ಸಿನಿಮಾ ಆ್ಯಪ್‌ನಲ್ಲಿ ನನ್ನ ಪ್ರೊಫೈಲ್ ತೆರೆದರೆ, ನಾನು ನೋಡಿಯೇ ಇರದ, ಕೊಲೆಗಾರನೊಬ್ಬನ ಕಥೆಯ ಸಿನಿಮಾವೊಂದು ಅರ್ಧಕ್ಕೆ ನಿಂತಿತ್ತು.

"ನೀವು ನೋಡಿದ್ರಾ?" ಎಂದು ಗಂಡನನ್ನು ಕೇಳಿದೆ.

"ನಾನ್ಯಾಕೆ ನಿಂದ್ರಲ್ಲಿ ನೋಡ್ಲಿ? ನಂದೇ ಇದೆಯಲ್ಲ."

ಉಳಿದವಳು ಏಳು ವರ್ಷದ ಮಗಳು. ಅವಳದು ಮಕ್ಕಳ ಪ್ರೊಫೈಲ್, ಕಾರ್ಟೂನ್ ಬಿಟ್ಟು ಬೇರೇನೂ ಕಾಣದು. ಇನ್ನಷ್ಟು ಭದ್ರವಾಗಲೆಂದು ಮೊನ್ನೆ ನಾನೇ ಅದಕ್ಕೆ ಪಿನ್ ಹಾಕಿದ್ದೆ.

"ಪುಟ್ಟಿ, ಇದನ್ನ ನೀನು ನೋಡಿದ್ಯಾ?"

"ನಂದು ಪಿನ್ ಕೇಳ್ತಮ್ಮ, ನಂಗೊತ್ತಿರ್ಲಿಲ್ಲ. ನಿಂದು ಕೇಳ್ಲೇ ಇಲ್ಲ."

ಮಗುವಿನ ಬಾಗಿಲಿಗೆ ಬೀಗ ಜಡಿದು, ನನ್ನದನ್ನು ತೆರೆದಿಟ್ಟಿದ್ದೆ, ಪೆದ್ದಿ! ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವಳಂತೆ, ಫೋನಿನಲ್ಲಿ ಸೆಟ್ಟಿಂಗ್ಸ್ ಹುಡುಕಿ ನನ್ನ ಪ್ರೊಫೈಲಿಗೂ ಪಿನ್ ಹಾಕಿದೆ.

ಪುಟ್ಟಿ ನನ್ನ ತೋಳು ಹಿಡಿದಳು.

"ಅಮ್ಮಾ, ಮಂಚದ ಕೆಳಗೆ ಬಚ್ಚಿಟ್ಕೊಂಡಿದ್ಳಲ್ಲ ಆ ಹುಡುಗಿ, ಅವಳು ಸಿಕ್ಕಿಬಿದ್ಲಾ?"