ಮೊದಲ ಸಾಲಿನ ಕೆಳಗೆ ಬಿದ್ದ ಕತ್ತರಿ

ದೊಡ್ಡಾಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಳಗಡೆಯ ಕಂಪ್ಯೂಟರ್ ಅವಳದು. ವಿಸಿಟಿಂಗ್ ಕಾರ್ಡು, ಬ್ಯಾನರು, ಮದುವೆಯ ಕರೆಯೋಲೆ ಎಲ್ಲ ಮಾಡುತ್ತಿದ್ದಳು. ಈಚೆಗೆ ಅದಕ್ಕಿಂತ ಹೆಚ್ಚಾಗಿ ಬರುತ್ತಿದ್ದವರು ಸ್ಟೇಟಸ್ ಮಾಡಿಸುವವರು. ಹುಟ್ಟುಹಬ್ಬ, ನಿವೃತ್ತಿ, ಸಾವು, ಏನೇ ಇರಲಿ, ಒಂದು ಫೋಟೋ, ಅದರ ಮೇಲೊಂದು ಮಾತು. ಅಂಗಡಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು; ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮಾಲೀಕನೂ.

ಜನ ಉದ್ದುದ್ದ ಬರೆದುಕೊಂಡು ಬರುತ್ತಿದ್ದರು. ಆವತ್ತು ಬೆಳಿಗ್ಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಪುಟದಷ್ಟು ಹರಸಿದ್ದರು.

"ಸಾರ್, ಇದು ಹಾರೈಕೆ ಅಲ್ಲ, ಪಾಠ," ಎಂದಳು ಅವಳು. "ಸ್ಟೇಟಸ್ ಬಂದು ಹೋಗೋದು ಉಸಿರು ಎಳೆದು ಬಿಡೋವಷ್ಟು ಹೊತ್ತು. ಬೆರಳು ಒತ್ತಿ ಹಿಡಿದು ನಿಲ್ಲಿಸ್ಕೊಂಡು ಓದೋಷ್ಟು ವ್ಯವಧಾನ ಯಾರಿಗಿದೆ? ನಾಲ್ಕು ಸಾಲು. ಅದಕ್ಕಿಂತ ಜಾಸ್ತಿ ಹಾಕಿದ್ರೆ ಅಕ್ಷರ ಇರುವೆ ಸಾಲಾಗುತ್ತೆ."

ಮೇಷ್ಟ್ರು ಗೊಣಗುತ್ತಲೇ ನಾಲ್ಕು ಸಾಲಿಗೆ ಇಳಿದರು. ಅವಳು ಅದನ್ನು ಕೂರಿಸಿದಳು. ಮೇಲ್ಗಡೆ ಹಾಕಿದವರ ಹೆಸರು ಬರುತ್ತದೆ, ಕೆಳಗಡೆ ಉತ್ತರ ಬರೆಯುವ ಪಟ್ಟಿ ಬರುತ್ತದೆ. ಎರಡೂ ಕಡೆ ಜಾಗ ಖಾಲಿ ಬಿಡಬೇಕು. ಒತ್ತಕ್ಷರದ ಬಾಲ ಕೆಳಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳನ್ನು ಸಡಿಲಿಸಬೇಕು. ಸಾಲು ಮುರಿಯುವುದು ಜಾಗ ಮುಗಿದಲ್ಲಿ ಅಲ್ಲ, ಉಸಿರು ನಿಲ್ಲುವಲ್ಲಿ. ಕನ್ನಡದಲ್ಲಿ 'ಅಲ್ಲ', 'ಇಲ್ಲ' ಬರುವುದು ಕೊನೆಯಲ್ಲಿ. ಅದೊಂದೇ ಪದ ಕೆಳಗಿನ ಸಾಲಿಗೆ ಜಾರಿದರೆ ಓದುವವನ ಕಣ್ಣಿಗೆ ಮೊದಲು ಬೀಳುವುದು ತದ್ವಿರುದ್ಧದ ಅರ್ಥ. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಮಾಡಿ ಮಾಡಿ ಬಂದದ್ದು.

ಮೇಷ್ಟ್ರು ಹೋದ ಮೇಲೆ ತಮ್ಮನ ಫೋನು ಬಂತು.

"ಅಕ್ಕಾ, ನಾಳೆಗೆ ಅಮ್ಮ ಹೋಗಿ ವರ್ಷ ಆಯ್ತಲ್ಲ. ಒಂದು ಒಳ್ಳೆ ಸ್ಟೇಟಸ್ ಮಾಡ್ಕೊಡು. ಎಲ್ಲರೂ ಹಾಕೋಣ."

"ಏನು ಬರೀಲಿ?"

"ಅಮ್ಮಂದೇ ಒಂದು ಮಾತಿತ್ತಲ್ಲ, ಭಾರದ್ದು. ಅದನ್ನ ಹಾಕು. ಫೋಟೋ ನಾನು ಕಳಿಸ್ತೀನಿ."

ಅವನಿಗೆ ಆ ಮಾತು ನೆನಪಿದೆ ಎಂದು ಅವಳಿಗೆ ಅಚ್ಚರಿಯಾಯಿತು. ಸ್ವಲ್ಪ ಸಂತೋಷವೂ ಆಯಿತು.

ಅಮ್ಮ ಪಾರ್ಶ್ವವಾಯು ಹೊಡೆದು ಆರು ವರ್ಷ ಮಲಗಿದಲ್ಲೇ ಇದ್ದಳು. ನೋಡಿಕೊಂಡವಳು ಮಗಳು. ಬೆಳಿಗ್ಗೆ ಎಬ್ಬಿಸಿ, ಒರೆಸಿ, ಬಟ್ಟೆ ಬದಲಿಸಿ, ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯಾಕೆಗೆ ಹೇಳಿ ಅಂಗಡಿಗೆ ಬರುವಳು. ಮಧ್ಯಾಹ್ನ ಓಡುವಳು. ಸಂಜೆ ಮತ್ತೆ ಎತ್ತಿ ಮಲಗಿಸುವಳು. ಹೆಣ್ಣು ನೋಡಲು ಬಂದವರಿಗೆ ಆ ಕುರ್ಚಿ ಕಂಡರೆ ಸಾಕಿತ್ತು, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು. ಅಮ್ಮನಿಗೆ ಒಂದು ಕಡೆಯ ಬಾಯಿ ಸೊಟ್ಟಗಾಗಿತ್ತು. ಆದರೆ ಇನ್ನೊಂದು ಕಡೆ ನೆಟ್ಟಗಿದ್ದದ್ದೇ ಸಾಕಾಗಿತ್ತು ಅವಳಿಗೆ, ಎದುರಿಗಿದ್ದವರನ್ನು ನೆಟ್ಟಗೆ ಮಾಡಲು.

ತಮ್ಮ ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ. ಹಾಗೆ ಬಂದಾಗ ಒಮ್ಮೆ ಕಿಟಕಿಯ ಹತ್ತಿರ ನಿಂತು ಸ್ನೇಹಿತನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. "ಏನೇ ಹೇಳು ಮಾರಾಯ, ಹೆತ್ತವರು ಯಾವತ್ತೂ ಭಾರ ಅಲ್ಲಪ್ಪ." ಅದೇ ಹೊತ್ತಿಗೆ ಮಗಳು ಅಮ್ಮನನ್ನು ಹಾಸಿಗೆಯಿಂದ ಎತ್ತುತ್ತಿದ್ದಳು. ಅಮ್ಮ ಅವಳ ಹೆಗಲ ಮೇಲಿಂದಲೇ, ತೊದಲುತ್ತ, ಆದರೆ ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು: "ಹೆತ್ತವರು ಭಾರ ಅಲ್ಲ ಅನ್ನೋ ಮಾತು ಎಲ್ಲರ ಬಾಯಲ್ಲೂ ಇರುತ್ತೆ. ಎತ್ತಿ ಕೂರಿಸೋರಿಗೇ ಗೊತ್ತು ಭಾರ ಎಷ್ಟು ಅಂತ."

ತಮ್ಮ ನಕ್ಕಿದ್ದ. ಅವಳೂ ನಕ್ಕಿದ್ದಳು, ನಗುವಿಗೆ ಕೈ ಸಡಿಲಾಗಿ ಅಮ್ಮನನ್ನು ಮತ್ತೆ ಹಾಸಿಗೆಯ ಮೇಲೇ ಕೂರಿಸಬೇಕಾಯಿತು. ಆರು ವರ್ಷದಲ್ಲಿ ಅವಳ ಕೆಲಸಕ್ಕೆ ಸಿಕ್ಕ ಒಂದೇ ಒಂದು ಸರ್ಟಿಫಿಕೇಟು ಅದು.

ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಆ ಕೆಲಸಕ್ಕೆ ಕೂತಳು. ತಮ್ಮ ಕಳಿಸಿದ್ದು ಅವನು ಅಮ್ಮನ ಹೆಗಲ ಸುತ್ತ ಕೈಹಾಕಿ ನಿಂತ ಫೋಟೋ. ತೆಗೆದವಳು ಅವಳೇ. ಅದನ್ನು ಮೇಲಿನ ಅರ್ಧಕ್ಕೆ ಇಟ್ಟಳು. ಉಳಿದ ಅರ್ಧದಲ್ಲಿ ಮಾತು ಹಿಡಿಸಬೇಕಿತ್ತು. ಪದಗಳು ಹೆಚ್ಚಾದವು. ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಾಕಿದರೆ ಇರುವೆ ಸಾಲು. ಹಾಗಾಗಿ ಮೊದಲ ಮೂರು ಪದಗಳನ್ನು ದಪ್ಪಗೆ, ದೊಡ್ಡದಾಗಿ ಒಂದು ಸಾಲು ಮಾಡಿದಳು. ಕಣ್ಣು ಅಲ್ಲಿ ನಿಂತರೆ ಕೆಳಗಿಳಿದು ಓದುತ್ತದೆ ಎಂಬುದು ಅವಳ ಲೆಕ್ಕ.

ಹೆತ್ತವರು ಭಾರ ಅಲ್ಲ
ಅನ್ನೋ ಮಾತು ಎಲ್ಲರ ಬಾಯಲ್ಲೂ ಇರುತ್ತೆ.
ಎತ್ತಿ ಕೂರಿಸೋರಿಗೇ ಗೊತ್ತು
ಭಾರ ಎಷ್ಟು ಅಂತ.

ಕೆಳಗೆ, ಬಲಗಡೆಗೆ, 'ಅಮ್ಮ' ಎಂದಷ್ಟೇ. ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಕೊಂಚ ಹೆಚ್ಚು ಜಾಗ ಬಿಟ್ಟಳು, ದೊಡ್ಡಕ್ಷರದ ಒತ್ತುಗಳಿಗೆ ಉಸಿರಾಡಲು. ಫೋನಿಗೆ ಹಾಕಿಕೊಂಡು ಕೈಯಳತೆ ದೂರದಲ್ಲಿ ಹಿಡಿದು ನೋಡಿದಳು. ಚೆನ್ನಾಗಿ ಬಂದಿತ್ತು. ಅಮ್ಮನ ದನಿಯೇ ಕೇಳಿಸಿದ ಹಾಗಾಯಿತು.

ಕಳಿಸಿದ ಸ್ವಲ್ಪ ಹೊತ್ತಿಗೆ ತಮ್ಮನ ಫೋನು.

"ಅಕ್ಕಾ, ಉದ್ದ ಆಯ್ತಲ್ವಾ?"

"ನಾಲ್ಕೇ ಸಾಲು. ಓದಕ್ಕಾಗುತ್ತೆ, ನೋಡಿದೀನಿ."

"ಅದಲ್ಲ, ಮೊದಲನೇ ಸಾಲು ಸಾಕು ಅನ್ಸುತ್ತೆ. ಅದೇ ಚೆನ್ನಾಗಿದೆ."

"ಅದು ಅಮ್ಮನ ಮಾತಲ್ಲ ಕಣೋ. ಅದು ನಿನ್ನ ಮಾತು. ಅಮ್ಮಂದು ಶುರುವಾಗೋದೇ ಎರಡನೇ ಸಾಲಿಂದ."

"ಸರಿ ಬಿಡು, ನೋಡ್ತೀನಿ," ಎಂದು ಫೋನಿಟ್ಟ.

ಮರುದಿನ ಬೆಳಿಗ್ಗೆ ನೋಡಿದಾಗ ಅವನ ಸ್ಟೇಟಸ್ಸಿನಲ್ಲಿ ಫೋಟೋ ಇತ್ತು, ಅದರ ಕೆಳಗೆ ದಪ್ಪಕ್ಷರದ ಮೊದಲ ಸಾಲಿತ್ತು, ಅಷ್ಟೇ. ಅವಳು ಬಿಟ್ಟಿದ್ದ ಆ ಕೊಂಚ ಜಾಗದಲ್ಲೇ ನೀಟಾಗಿ ಕ್ರಾಪ್ ಮಾಡಿದ್ದ. ಒಂದು ಒತ್ತಿನ ಬಾಲಕ್ಕೂ ಗಾಯವಾಗಿರಲಿಲ್ಲ. ಕೆಳಗೆ ಫೋನಿನಲ್ಲೇ ಟೈಪು ಮಾಡಿದ್ದ: 'ಅಮ್ಮ ಹೇಳಿಕೊಟ್ಟ ಪಾಠ.' ತಮ್ಮನ ಹೆಂಡತಿ, ಚಿಕ್ಕಮ್ಮ, ಅವಳ ಮಕ್ಕಳು, ಎಲ್ಲರ ಸ್ಟೇಟಸ್ಸಿನಲ್ಲೂ ಅದೇ.

ಅವಳು ಫೋನು ಮಾಡಿದಳು.

"ಯಾಕೋ ಹೀಗೆ ಮಾಡ್ದೆ?"

"ನೀನೇ ತಾನೆ ಎಲ್ಲರಿಗೂ ಹೇಳೋದು, ಉದ್ದ ಇದ್ರೆ ಯಾರೂ ಓದಲ್ಲ ಅಂತ?"

"ಚಿಕ್ಕದು ಮಾಡು ಅಂದೆ, ಉಲ್ಟಾ ಮಾಡು ಅನ್ಲಿಲ್ಲ."

"ಅಕ್ಕಾ, ಅದನ್ನ ಹಾಗೇ ಹಾಕಿದ್ರೆ ನೋಡಿದವರು ಏನಂದ್ಕೊಳ್ತಾರೆ? ಅಮ್ಮನೇ ತಾನು ಭಾರ ಅಂತ ಹೇಳ್ಕೊಂಡ ಹಾಗಿರುತ್ತೆ. ನನಗಂತೂ ಕೆನ್ನೆಗೆ ಹೊಡೆದ ಹಾಗಿರುತ್ತೆ. ವರ್ಷದ ದಿನ ಅದು ಬೇಕಿತ್ತಾ?"

"ಹಾಗಾದ್ರೆ ಅರ್ಥ ಆಗಿದೆ ನಿನಗೆ."

"ಆಗದೆ ಏನು? ನಾನೇನು ಮಗು ಅಲ್ಲ." ಅವನ ದನಿ ಇಳಿಯಿತು. "ನೀನು ಮಾಡಿದ್ದು ಎಲ್ಲರಿಗೂ ಗೊತ್ತಿದೆ ಅಕ್ಕಾ. ಅದನ್ನ ಬರೆದು ತೋರಿಸ್ಬೇಕಾ?"

ಅವಳು ಫೋನಿಟ್ಟು, ಪೂರ್ತಿ ಚಿತ್ರವನ್ನು ತನ್ನ ಸ್ಟೇಟಸ್ಸಿಗೆ ಹಾಕಿದಳು.

ಎಲ್ಲರೂ ನೋಡಿದರು, ನೋಡಿದವರ ಹೆಸರು ಒಂದೊಂದಾಗಿ ಬರುತ್ತಲೇ ಇತ್ತು. ಮಾತಾಡಿದವಳು ಚಿಕ್ಕಮ್ಮ ಒಬ್ಬಳೇ. ಮಧ್ಯಾಹ್ನ ಫೋನು ಮಾಡಿ, ಊಟ ಆಯಿತಾ ಎಂದೂ ಕೇಳದೆ ಶುರು ಮಾಡಿದಳು: "ಅಲ್ಲ ಕಣೇ, ಸತ್ತವಳ ಬಾಯಲ್ಲಿ ಇಂಥಾ ಮಾತು ಹಾಕ್ತೀಯಲ್ಲ! ಮಾಡಿದ ಸೇವೆನ ಹೀಗೆ ಬೀದಿಗಿಟ್ರೆ ಪುಣ್ಯ ಉಳಿಯುತ್ತಾ? ಅವನನ್ನ ನೋಡಿ ಕಲಿ. ಮೂರೇ ಮೂರು ಮಾತು, ಓದಿ ಅತ್ತುಬಿಟ್ಟೆ ನಾನು."

"ಚಿಕ್ಕಮ್ಮ, ಅಮ್ಮ ಹೇಳಿದ್ದೇ ಹಾಗೆ."

"ಹೇಳಿರ್ಬಹುದು. ನೋವಲ್ಲಿದ್ದೋರು ಏನೇನೋ ಹೇಳ್ತಾರೆ."

ಅವಳು ಚಿತ್ರವನ್ನು ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಬರಲಿಲ್ಲ. ಮಾರನೆಯ ದಿನದ ಹೊತ್ತಿಗೆ ಅದರ ಪಾಡಿಗೆ ಅದು ಅಳಿದುಹೋಯಿತು. ತಮ್ಮನದೂ ಅಳಿಯಿತು. ಆದರೆ ಅವನದನ್ನು ಆಗಲೇ ನೂರಾರು ಜನ ಎತ್ತಿಕೊಂಡಿದ್ದರು. ಫೋಟೋ ಬಿಟ್ಟು ಸಾಲನ್ನಷ್ಟೇ ಕತ್ತರಿಸಿ, ಸೂರ್ಯಾಸ್ತದ ಮೇಲೆ, ಗುಲಾಬಿಯ ಮೇಲೆ, ಯಾವುದೋ ಮುದುಕಿಯ ಸುಕ್ಕುಗಟ್ಟಿದ ಕೈಯ ಮೇಲೆ ಅಂಟಿಸಿದರು. ಮುಂದಿನ ವಾರದೊಳಗೆ ಗಿರಾಕಿಗಳೇ ಅದನ್ನು ಫೋನಿನಲ್ಲಿ ಹಿಡಿದುಕೊಂಡು ಬರಲಾರಂಭಿಸಿದರು. "ಅಕ್ಕಾ, ಈ ಥರ ಒಂದು, ನಮ್ಮಮ್ಮನ ಫೋಟೋಗೆ." ಅವಳು ಮಾಡಿಕೊಟ್ಟಳು. ಮಾಡಲ್ಲ ಎನ್ನಲು ಅದೇನು ಅವಳ ಸ್ವತ್ತೇ? ಒಬ್ಬನಂತೂ ಅಮ್ಮನನ್ನು ವೃದ್ಧಾಶ್ರಮಕ್ಕೆ ಬಿಟ್ಟು ನೇರ ಅಲ್ಲಿಂದಲೇ ಬಂದಿದ್ದ. ಬಣ್ಣ ಸ್ವಲ್ಪ ಹೊಳೆಯುವ ಹಾಗಿರಲಿ ಎಂದ.

ಒಂದು ಸಂಜೆ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಮೆಟ್ಟಿಲನ್ನು ಒಂದೇ ಕಾಲಿನಿಂದ ಹತ್ತಿದಳು, ಇನ್ನೊಂದನ್ನು ಎಳೆದುಕೊಂಡು. ಸೊಂಟ ಹಿಡಿದವರ ನಡಿಗೆ. ಅತ್ತೆಯ ಫೋಟೋ ತಂದಿದ್ದಳು. ಆಸ್ಪತ್ರೆಗೆ ಅತ್ತೆಯ ಮಾತ್ರೆ ಬರೆಸಲು ಬಂದವಳು, ಗಂಡ ಹೇಳಿದನೆಂದು ಹಾಗೇ ಇಲ್ಲಿಗೂ ಬಂದಿದ್ದಳು. ಅವನ ಫೋನಿನ ಲಾಕ್ ಸ್ಕ್ರೀನಿಗೆ ಬೇಕು. ಅದೇ ಸಾಲು.

"ಲಾಕ್ ಸ್ಕ್ರೀನ್ ಅಂದ್ರೆ ಮೇಲೆ ಗಡಿಯಾರ ಬರುತ್ತೆ, ಮೆಸೇಜು ಬಂದ್ರೆ ಅಕ್ಷರದ ಮೇಲೇ ಕೂರುತ್ತೆ," ಎಂದಳು ಅವಳು. "ಮಾತನ್ನ ಕೆಳಗಡೆ ಇಡ್ತೀನಿ, ಬೆರಳು ಒತ್ತೋ ಜಾಗದಿಂದ ಸ್ವಲ್ಪ ಮೇಲೆ."

"ನಿಮಗೆ ಹೇಗೆ ಸರಿ ಅನ್ಸುತ್ತೋ."

"ಮನೇಲಿ ಅತ್ತೆನ ನೋಡ್ಕೊಳ್ಳೋರು ಯಾರು?"

"ಇನ್ಯಾರು," ಎಂದು ಹೆಂಗಸು ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

ಅವಳು ಹಳೆಯ ಫೈಲು ತೆರೆದು, ಅದರ ನಾಲ್ಕೂ ಸಾಲುಗಳನ್ನು ಆ ಅತ್ತೆಯ ಫೋಟೋದ ಕೆಳಗೆ ಕೂರಿಸಿ, ಪರದೆಯನ್ನು ಹೆಂಗಸಿನ ಕಡೆ ತಿರುಗಿಸಿದಳು.

"ಈ ಮಾತು ಪೂರ್ತಿ ಇರೋದು ಹೀಗೆ."

ಹೆಂಗಸು ತುಟಿಯಾಡಿಸುತ್ತ ಓದಿದಳು. ಮೂರನೆಯ ಸಾಲಿಗೆ ಬಂದಾಗ ನಿಂತಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಎಷ್ಟು ಜೋರಾಗಿ ನಕ್ಕಳೆಂದರೆ ಜೆರಾಕ್ಸ್ ಮಿಷನ್ನಿನ ಹತ್ತಿರವಿದ್ದ ಮಾಲೀಕ ತಿರುಗಿ ನೋಡಿದ. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾರು ತಾಯಿ ಇದನ್ನ ಹೇಳಿದ್ದು?"

"ನಮ್ಮಮ್ಮ. ಮಲಗಿದಲ್ಲಿಂದಲೇ."

"ಪುಣ್ಯಾತ್ಗಿತ್ತಿ," ಎಂದಳು ಹೆಂಗಸು. "ಮಲಗಿದ್ದೋರೇ ಹೇಳಿದ್ರಲ್ಲ. ನಮ್ಮನೇಲಿ ಯಾರೂ ಹೇಳಲ್ಲ."

"ಇದನ್ನೇ ಹಾಕ್ಲಾ? ಅಕ್ಷರ ಚೆನ್ನಾಗಿ ಕಾಣುತ್ತೆ."

ಹೆಂಗಸು ಪರದೆಯನ್ನೇ ನೋಡುತ್ತಿದ್ದಳು. ನಗು ಇಳಿದಿತ್ತು.

"ಬೇಡಮ್ಮಾ. ಇದನ್ನ ಹಾಕ್ಕೊಂಡು ಹೋದ್ರೆ ಜಗಳ ಆಗುತ್ತೆ. ಅವರು ಕೇಳಿದ್ದೇ ಕೊಡಿ."

"ನಿಮ್ಮ ಫೋನಿಗಾದ್ರೂ ಕಳಿಸ್ತೀನಿ. ಇಟ್ಕೊಳ್ಳಿ."

"ಅದನ್ನೂ ಅವರು ನೋಡ್ತಾರೆ." ಹೆಂಗಸು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಓದ್ಕೊಂಡೆನಲ್ಲ. ಸಾಕು."

ಅವಳು ಕೆಳಗಿನ ಮೂರು ಸಾಲುಗಳನ್ನು ಅಳಿಸಿದಳು. ಉಳಿದದ್ದು ಆ ಫೋನಿನ ಅಗಲಕ್ಕೆ ಒಂದೇ ಸಾಲಿನಲ್ಲಿ ಹಿಡಿಸಲಿಲ್ಲ. 'ಅಲ್ಲ' ಒಂಟಿಯಾಗಿ ಕೆಳಗೆ ಬಿತ್ತು. ಅದನ್ನು ಮೇಲಕ್ಕೆ ಸೇರಿಸಲು ಅಕ್ಷರವನ್ನು ಒಂದಿಷ್ಟು ಕುಗ್ಗಿಸಿದಳು, ಅಂಚಿನಿಂದ ಎರಡೂ ಕಡೆ ಸಮ ಜಾಗ ಬಿಟ್ಟಳು, ಗಡಿಯಾರ ಬರುವಲ್ಲಿ ಅತ್ತೆಯ ಹಣೆ ಸಿಗದಂತೆ ಫೋಟೋವನ್ನು ಕೆಳಗೆ ಸರಿಸಿದಳು. ಹೆಂಗಸು ಹೇಳಿದ ನಂಬರಿಗೆ, ಅವಳ ಗಂಡನ ಫೋನಿಗೆ, ಕಳಿಸಿದಳು.

ಹೆಂಗಸು ಮೆಟ್ಟಿಲಿಳಿಯುವಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂದಿತ್ತು: 'ಸೂಪರ್ ಮೇಡಂ. ಕಣ್ಣಲ್ಲಿ ನೀರು ಬಂತು.'