ಮೊದಲ ಸದ್ದಿನ ದೃಶ್ಯ

ಪರರ ಮಗುವಿನ ಕಿವುಡುತನಕ್ಕೆ ಹಿನ್ನೆಲೆಯಲ್ಲಿ ಪಿಟೀಲು ಕೂಡಿಸಿದರಷ್ಟೇ ನಿಮ್ಮ ಕರುಳು ಚುರ್ರೆನ್ನುವುದೇ, ಷೇರುದಾರ ಮಹಾಶಯರೇ?

ವಾರ್ಷಿಕ ವರದಿಯ ಜೊತೆಗೆ ತೋರಿಸಬೇಕಾದ ಸಾಮಾಜಿಕ ಹೊಣೆಗಾರಿಕೆಯ ಕಿರುಚಿತ್ರಕ್ಕೆ ನಿಮ್ಮ ಕಂಪನಿಯು ಒಬ್ಬ ಫಲಾನುಭವಿಯನ್ನು ಆರಿಸಿತು: ಶ್ರವಣಯಂತ್ರ ಪಡೆದ ಶಾಲಾಬಾಲಕಿ. ಮೊದಲು ಮೌನ, ಆಮೇಲೆ ಯಂತ್ರ, ಅನಂತರ ನಗು, ಕಡೆಗೆ ಕಂಪನಿಯ ಲಾಂಛನ. ದಾನಶೂರರ ಚರಿತ್ರೆಗೆ ಇನ್ನೇನು ಬೇಕು?

ಚಿತ್ರಕಥೆ ಬರೆಯುವವನು ವಿವರ ಕಲೆಹಾಕಲು ಅವಳ ಮನೆಗೆ ಹೋದ. ಕರೆದರೆ ಹುಡುಗಿ ತಿರುಗಲಿಲ್ಲ. ಯಂತ್ರವು ಕಪಾಟಿನಲ್ಲಿ, ಹತ್ತಿಯ ಹಾಸಿನ ಮೇಲೆ, ಸುಖವಾಗಿ ಪವಡಿಸಿತ್ತು.

“ಸೆಲ್ ಮುಗೀತು ಸಾರ್,” ಎಂದಳು ತಾಯಿ. “ಕೊಟ್ಟಾಗ ಜೊತೇಲಿ ಮಾತ್ರೆ ಪಟ್ಟಿ ಥರ ಒಂದು ಸೆಲ್ ಪಟ್ಟಿ ಕೊಟ್ಟಿದ್ರು. ಆಮೇಲೆ ನಾವೇ ತಂದ್ವಿ. ವಾರ, ಹತ್ತು ದಿನಕ್ಕೆ ಒಂದೊಂದು ಸತ್ತೋಗುತ್ತೆ. ಬಾಡಿಗೆ ಕಟ್ಟೋದಾ, ಸೆಲ್ ತರೋದಾ? ಕ್ಲಾಸಲ್ಲಿ ಗೋಡೆ ಥರ ಕೂತಿರ್ತಾಳೆ ಇವಳು.”

ಅವನು ಆ ಮಾತನ್ನು ಹಾಗೆಯೇ ಚಿತ್ರಕಥೆಗೆ ಇಳಿಸಿದ. ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥೆ ಓದಿ ಹುಬ್ಬು ಗಂಟಿಕ್ಕಿದರು.

“ಇದೇನ್ರೀ ಇದು? ಫಲಾನುಭವಿ ಧನ್ಯವಾದ ಹೇಳ್ಬೇಕು ಕಣ್ರೀ, ದೂರು ಹೇಳ್ಬಾರ್ದು.”

“ಅವರು ಹೇಳಿದ್ದೇ ಅದು ಮೇಡಂ.”

“ಹೇಳಿದ್ದೆಲ್ಲ ಬರೆಯೋಕೆ ನೀವ್ಯಾಕೆ ಬೇಕಿತ್ತು? ಯಂತ್ರ ಕೊಡೋದಷ್ಟೇ ನಮ್ಮ ಯೋಜನೆ. ಬೇರೆ ಮಗು ಹುಡುಕಿ.”

ಯಂತ್ರಗಳನ್ನು ಹಂಚಿದ್ದ ಸೇವಾಸಂಸ್ಥೆಗೆ ಫೋನ್ ಹೋಯಿತು. ವಿಚಾರಿಸಿದ ಮನೆಗಳಲ್ಲೆಲ್ಲ ಯಂತ್ರ ಕಪಾಟು ಸೇರಿತ್ತು. ಫಲಾನುಭವಿಗಳ ನಡುವೆ ಭೇದಭಾವವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಕೊನೆಗೆ ಮುಖ್ಯಸ್ಥೆಯ ಸಮೇತ ಚಿತ್ರತಂಡ ಮೊದಲಿನ ಮನೆಗೇ ಬಂತು. ತಾಯಿ ಒಪ್ಪಿಗೆಪತ್ರ ಹಿಡಿದು ಕುಳಿತಳು.

“ವರ್ಷಕ್ಕಾಗೋಷ್ಟು ಸೆಲ್ ಕೊಡ್ಸಿ ಮೇಡಂ, ಸಹಿ ಹಾಕ್ತೀನಿ.”

“ಹಂಗೆ ಕೊಟ್ರೆ ಸಹಿಗೆ ಲಂಚ ಕೊಟ್ಟ ಹಾಗಾಗುತ್ತಮ್ಮ. ನಮ್ಮ ನೀತಿಸಂಹಿತೆ ಒಪ್ಪಲ್ಲ.”

ಹೊರಗೆ, ಮನೆಯ ಬಡತನವನ್ನು ಆಕಾಶದಿಂದ ಸೆರೆಹಿಡಿಯಲು ಬಾಡಿಗೆಗೆ ತಂದ ಡ್ರೋನ್ ಗುಂಯ್‌ಗುಡುತ್ತಿತ್ತು. ಅದಕ್ಕೆ ನೀತಿಸಂಹಿತೆಯ ಅಡ್ಡಿಯಿರಲಿಲ್ಲ.

ಚಿತ್ರಕಥೆಯವನು ತಗ್ಗಿದ ದನಿಯಲ್ಲಿ ಹೇಳಿದ: “ಶೂಟಿಂಗಿಗೆ ಅಂತ ಒಂದು ಪಟ್ಟಿ ಸೆಲ್ ತಂದಿದೀವಿ ಅಕ್ಕ. ಮಿಕ್ಕಿದ್ದು ನೀವೇ ಇಟ್ಕೊಳ್ಳಿ.”

ತಾಯಿ ಮಗಳನ್ನು ನೋಡಿದಳು. “ಅದು ಮುಗಿಯೋವರೆಗಾದ್ರೂ ಪಾಠ ಕೇಳ್ಲಿ,” ಎಂದು ಸಹಿ ಹಾಕಿದಳು.

ಯಂತ್ರ ಕಿವಿಗೇರಿತು. ತಾಯಿ ಹೆಸರು ಹಿಡಿದು ಕರೆದಳು, ಹುಡುಗಿ ತಿರುಗಿದಳು.

“ಮೊದಲ್ನೇ ಸಲ ಕೇಳಿಸ್ತಿದೆ ಅನ್ನೋ ಹಾಗೆ ನಗು ಪುಟ್ಟಿ,” ಎಂದರು ಮುಖ್ಯಸ್ಥೆ.

“ಮೊದಲ್ನೇ ಸಲ ನಾನು ಅತ್ತುಬಿಟ್ಟಿದ್ದೆ ಆಂಟಿ.”

“ಅಳು ಬೇಡ, ನಗು.”

ಹುಡುಗಿ ನಕ್ಕಳು. ನಗು ಸಾಲದೆಂದು ಮತ್ತೆ ನಗಿಸಿದರು. ಅಷ್ಟು ಹೊತ್ತೂ ಸೆಲ್ ಸವೆಯುತ್ತಲೇ ಇತ್ತು.

ಆ ಚಿತ್ರ ನಿಮ್ಮ ವಾರ್ಷಿಕ ಸಭೆಯ ಪರದೆಗೆ ಬರುವ ಹೊತ್ತಿಗೆ ಆ ಸೆಲ್ ಪಟ್ಟಿ ಮುಗಿದು, ಹುಡುಗಿ ಮತ್ತೆ ಗೋಡೆಯಾಗಿರುತ್ತಾಳೆ. ಆದ್ದರಿಂದ ಚಪ್ಪಾಳೆ ತಟ್ಟುವ ಮುನ್ನ ದಯವಿಟ್ಟು ಎದ್ದು ನಿಲ್ಲಿ. ಸೆಲ್ಲಿನ ವೆಚ್ಚವನ್ನೂ ಯೋಜನೆಗೆ ಸೇರಿಸಿರೆಂದು ಕೇಳಿ, ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿ.